ಮೆಟ್ಟಿಲಲ್ಲಿ ಗಂಟೆಗೆ 1200 ಮೀಟರ್ ಏರು, ರಸ್ತೆಯಲ್ಲಿ 600. ಯಾವುದನ್ನು ನಂಬಬೇಕು?

ಟಿಳಕವಾಡಿ ಓಟ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಿಂದ ರಸ್ತೆ ಓಟ ಬಹಳ ಕಡಿಮೆಯಾಗಿದೆ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದೇನೆ. ನೆಲಮಹಡಿಯಿಂದ 11ನೇ ಮಹಡಿಗೆ 1 ನಿಮಿಷ 45 ಸೆಕೆಂಡ್ ಬೇಕು. ಲಿಫ್ಟ್‌ನಲ್ಲಿ ಇಳಿದು ಮತ್ತೆ ಹತ್ತುತ್ತೇನೆ. ಹೀಗೆ ಹತ್ತು ಸುತ್ತು. ವಾಚ್ ಪ್ರಕಾರ ಹತ್ತುವಾಗ ನನ್ನ ವೇಗ ಗಂಟೆಗೆ ಸುಮಾರು 1200 ಮೀಟರ್ ಏರು.

ಮಳೆ ಬಿಟ್ಟ ಒಂದು ಭಾನುವಾರ ರಾಜಹಂಸಗಡದ ರಸ್ತೆಯಲ್ಲಿ ಓಡಿದೆ. ಉಸಿರು ಅಷ್ಟೇ ಏರಿತ್ತು, ಕಾಲು ಅಷ್ಟೇ ಉರಿಯುತ್ತಿತ್ತು. ಆದರೆ ವಾಚ್ ತೋರಿಸಿದ್ದು ಗಂಟೆಗೆ 600 ಮೀಟರ್ ಮಾತ್ರ.

ಮಳೆಗಾಲ ಮುಗಿದ ಮೇಲೆ ಗೆಳೆಯರ ಜೊತೆ ಕುಕ್ಕೆಯಿಂದ ಕುಮಾರ ಪರ್ವತ ಹತ್ತುವ ಯೋಚನೆ ಇದೆ. ಏರು ಸುಮಾರು 1600 ಮೀಟರ್. ಮೆಟ್ಟಿಲಿನ ಲೆಕ್ಕದಲ್ಲಿ ಅದು 1 ಗಂಟೆ 20 ನಿಮಿಷ. ರಸ್ತೆಯ ಲೆಕ್ಕದಲ್ಲಿ 2 ಗಂಟೆ 40 ನಿಮಿಷ. ಎರಡರಲ್ಲಿ ನನ್ನ ನಿಜವಾದ ವೇಗ ಯಾವುದು?

ನಿವೃತ್ತ ಮಾಸ್ತರ

ತಮ್ಮಾ, ಇಳಿಯೋಕೆ ಲಿಫ್ಟ್ ಹಿಡಿಯುತ್ತೀಯಲ್ಲ, ಒಳ್ಳೆಯದು ಮಾಡಿದ್ದೀಯ. ನಾನು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಪ್ರತಿ ವರ್ಷ ನಡೆದೇ ಹೋಗುವವನು. ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮಂಡಿ ಹಿಡಿಯುತ್ತದೆ. ಈಗ ಇಳಿಯುವಾಗ ಕೋಲು ಹಿಡಿದು ಸಣ್ಣ ಸಣ್ಣ ಹೆಜ್ಜೆ ಇಡುತ್ತೇನೆ. ನೀನೂ ಮಂಡಿ ನೋಡಿಕೋ. ವೇಗ ಎಷ್ಟಾದರೇನು.

ಟಿಳಕವಾಡಿ ಓಟ

ಮಾಸ್ತರ್, ಮಂಡಿ ಸದ್ಯಕ್ಕೆ ಚೆನ್ನಾಗಿದೆ. ನನ್ನ ಗೊಂದಲ ಸಮಯದ ಲೆಕ್ಕದ್ದು. ಕುಮಾರ ಪರ್ವತಕ್ಕೆ ಎಷ್ಟು ನೀರು ಹೊರಬೇಕು, ಎಷ್ಟು ಗಂಟೆಗೆ ಹೊರಡಬೇಕು ಅನ್ನುವುದೆಲ್ಲ ಅದರ ಮೇಲೆ ನಿಂತಿದೆ.

ವಿಜಯಪುರ ಸೈಕಲ್

ಗಂಟೆಗೆ ಎಷ್ಟು ಮೀಟರ್ ಏರು ಅನ್ನುವ ಈ ಲೆಕ್ಕ ನಮ್ಮ ಸೈಕಲ್‌ನವರು ಬಳಸುವ ವಿಎಎಂ. ಇಟಲಿಯ ಮಿಕೆಲೆ ಫೆರಾರಿ ಶುರು ಮಾಡಿದ ಅಳತೆ. ಇಳಿಜಾರು ಬದಲಾದರೆ ಸಂಖ್ಯೆ ಬದಲಾಗುತ್ತದೆ ಅಂತ ಅದಕ್ಕೊಂದು ಸೂತ್ರವೂ ಇದೆ. ಇದರಲ್ಲಿ G ಅಂದರೆ ಏರಿನ ಶೇಕಡಾ.

```
W/kg = VAM / (200 + 10 × G)
```

ಮೆಟ್ಟಿಲಿನ ಏರು ಶೇಕಡಾ ಎಷ್ಟು ಅಂತ ಅಳೆದು ಹಾಕಿ. ರಸ್ತೆಯದ್ದೂ ಹಾಕಿ. ಎರಡೂ ಕಡೆ ಒಂದೇ ವ್ಯಾಟ್ ಬಂದರೆ ಎರಡೂ ಸರಿ. ಮುಗೀತು.

ಗುಡ್ಡದ ದಾರಿ

ಸೂತ್ರಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಒಂದು ಸರಳ ಗುಣಾಕಾರ ನೋಡಿ. ಗಂಟೆಗೆ ಏರುವ ಮೀಟರ್ ಅಂದರೆ ನಿಮ್ಮ ಓಟದ ವೇಗಕ್ಕೆ ದಾರಿಯ ಏರನ್ನು ಗುಣಿಸಿದ್ದು, ಅಷ್ಟೇ. ರಾಜಹಂಸಗಡದ ರಸ್ತೆ ಸರಾಸರಿ 8% ಏರು ಅಂದುಕೊಳ್ಳೋಣ. ನೀವು ಗಂಟೆಗೆ 7.5 ಕಿಲೋಮೀಟರ್ ಓಡಿದರೆ 7500ರ 8%, ಅಂದರೆ 600 ಮೀಟರ್. ಅದೇ ರಸ್ತೆಯಲ್ಲಿ 1200 ತರಬೇಕು ಅಂದರೆ ಗಂಟೆಗೆ 15 ಕಿಲೋಮೀಟರ್ ಓಡಬೇಕು. ಏರಿನಲ್ಲಿ ಆ ವೇಗ ಬಹಳ ಒಳ್ಳೆಯ ಓಟಗಾರರಿಗೆ ಮಾತ್ರ ಆಗುತ್ತದೆ.

ಸಮ ರಸ್ತೆಯ ಕಡೆಗೆ ಹೋದಷ್ಟೂ ನಿಮ್ಮ ಶಕ್ತಿ ಮುಂದೆ ಸಾಗುವುದಕ್ಕೇ ಖರ್ಚಾಗುತ್ತದೆ, ಮೇಲೆ ಏರುವುದಕ್ಕೆ ಉಳಿಯುವುದು ಸ್ವಲ್ಪ. ಪೂರ್ತಿ ಸಮ ನೆಲದಲ್ಲಿ ಎಷ್ಟೇ ಜೋರಾಗಿ ಓಡಿದರೂ ಈ ಸಂಖ್ಯೆ ಸೊನ್ನೆ. ಹಾಗಾಗಿ 600 ಕೂಡ ನಿಮ್ಮದೇ, 1200 ಕೂಡ ನಿಮ್ಮದೇ. ಯಾವ ಏರಿನಲ್ಲಿ ಅಂತ ಹೇಳದೆ ಈ ಸಂಖ್ಯೆ ಹೇಳಿದರೆ ಅರ್ಥ ಇಲ್ಲ.

ಇನ್ನೊಂದು ಪ್ರಶ್ನೆ. ಆ 1200 ವಾಚ್ ಹೇಳಿದ್ದೋ, ನೀವು ಅಳೆದಿದ್ದೋ?

ಟಿಳಕವಾಡಿ ಓಟ

ವಾಚ್ ಹೇಳಿದ್ದು. ಒಂದೊಂದು ಸುತ್ತಿಗೆ ಒಂದೊಂದು ತರಹ ತೋರಿಸುತ್ತದೆ. ಒಮ್ಮೆ 33 ಮೀಟರ್ ಏರು, ಇನ್ನೊಮ್ಮೆ 38. ಮೆಟ್ಟಿಲು ಅದೇ, ನಾನೂ ಅದೇ.

ಸೈಟ್ ಸೂಪರ್‌ವೈಸರ್

ನಾನು ಬಾಗಲಕೋಟೆಯಲ್ಲಿ ಕಟ್ಟಡ ಕೆಲಸ ನೋಡಿಕೊಳ್ಳುವವನು. ಓಟದ ವಿಷಯ ಗೊತ್ತಿಲ್ಲ, ಮೆಟ್ಟಿಲಿನ ವಿಷಯ ಹೇಳಬಲ್ಲೆ. ಟೇಪ್ ಹಿಡಿದು ಒಂದೇ ಮೆಟ್ಟಿಲು ಅಳೆದು ಗುಣಿಸಬೇಡಿ. ಮೆಟ್ಟಿಲಿನ ಎತ್ತರ 16 ಸೆಂಟಿಮೀಟರ್ ಇದ್ದು ನೀವು ಅರ್ಧ ಸೆಂಟಿಮೀಟರ್ ತಪ್ಪಿದರೆ ಆಗಲೇ ನೂರಕ್ಕೆ ಮೂರು ತಪ್ಪು. ಒಂದು ಲ್ಯಾಂಡಿಂಗ್‌ನಿಂದ ಇನ್ನೊಂದು ಲ್ಯಾಂಡಿಂಗ್‌ವರೆಗೆ ಪೂರ್ತಿ ಎತ್ತರ ಅಳೆಯಿರಿ. ಮೆಟ್ಟಿಲಿನ ಪಕ್ಕದ ಸಂದಿಯಲ್ಲಿ ಟೇಪ್ ನೇರ ಇಳಿಬಿಡಬಹುದಾದರೆ ಇನ್ನೂ ಒಳ್ಳೆಯದು.

ನೆಲಮಹಡಿ ಬೇರೆಯೇ ಅಳೆಯಿರಿ. ಕೆಳಗೆ ಪಾರ್ಕಿಂಗ್ ಇದ್ದರೆ ಆ ಮಹಡಿಯ ಎತ್ತರ ಮೇಲಿನವಕ್ಕಿಂತ ಬೇರೆ ಇರುವುದು ಜಾಸ್ತಿ. ಮೊದಲ ಮತ್ತು ಕೊನೆಯ ಮೆಟ್ಟಿಲೂ ಟೈಲ್ಸ್ ದಪ್ಪದಿಂದಾಗಿ ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಿರುತ್ತವೆ. ಮತ್ತೆ 12 ಅಂತಸ್ತಿನ ಕಟ್ಟಡದಲ್ಲಿ ನೆಲದಿಂದ ಕೊನೆಯ ಮಹಡಿಗೆ ಹತ್ತುವುದು 11 ಅಂತಸ್ತಿನ ಎತ್ತರ ಮಾತ್ರ. ಅದನ್ನೂ ಜನ 12 ಅಂತ ಬರೆದುಕೊಳ್ಳುತ್ತಾರೆ.

ಬಾದಾಮಿ ಹುಡುಗಿ

ವಾಚ್ ವಿಷಯಕ್ಕೆ ನಂದೂ ಒಂದು ಸೇರಿಸುತ್ತೇನೆ. ಬಾದಾಮಿಯಲ್ಲಿ ಉತ್ತರದ ಕೋಟೆ ಕಡೆ ಮೇಲಿನ ಶಿವಾಲಯಕ್ಕೆ ಹೋಗುವ ಪಾವಟಿಗೆ ಬಂಡೆಗಳ ನಡುವಿನ ಸಂದಿಯಲ್ಲಿ ಹೋಗುತ್ತದೆ. ಎರಡೂ ಕಡೆ ಕಲ್ಲಿನ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. ನನ್ನ ಹಳೆಯ ವಾಚ್‌ನಲ್ಲಿ ಗಾಳಿ ಒತ್ತಡದ ಸೆನ್ಸರ್ ಇಲ್ಲ, ಜಿಪಿಎಸ್ ಮಾತ್ರ. ಅಲ್ಲಿ ಓಡಿದ ದಿನ ಆ್ಯಪ್ ತೋರಿಸಿದ ಏರು ನಿಜದ ಏರಿಗಿಂತ ಎಷ್ಟೋ ಪಟ್ಟು ಜಾಸ್ತಿ. ನಕ್ಷೆ ತೆರೆದು ನೋಡಿದರೆ ನನ್ನ ಗೆರೆ ಬಂಡೆಯ ಅಂಚಿನ ಆಚೆ ಈಚೆ ಓಡಾಡಿದೆ. ಆ್ಯಪ್ ಪ್ರಕಾರ ನಾನು ಬಂಡೆಯಿಂದ ಕೆಳಗೆ ಹಾರಿ ಮತ್ತೆ ಮೇಲೆ ಬಂದಿದ್ದೇನೆ!

ಗುಡ್ಡದ ದಾರಿ

ಬಾದಾಮಿಯಂಥ ನೆಟ್ಟಗಿನ ಬಂಡೆಗಳಲ್ಲಿ ಅದು ಆಗಿಯೇ ಆಗುತ್ತದೆ. ಜಿಪಿಎಸ್ ಪಕ್ಕಕ್ಕೆ ಹತ್ತು ಮೀಟರ್ ತಪ್ಪಿದರೂ ಆ್ಯಪ್ ಒಳಗಿನ ನಕ್ಷೆಯಲ್ಲಿ ಎತ್ತರ ಬಹಳ ಬದಲಾಗುತ್ತದೆ. ಆ ನಕ್ಷೆಗಳು ನೆಲವನ್ನು ದೊಡ್ಡ ಚೌಕಗಳಾಗಿ ನೋಡುತ್ತವೆ, ಸುಮಾರು 30 ಮೀಟರಿಗೆ ಒಂದು ಎತ್ತರ. ಸಣ್ಣ ಸಂದಿ ಅವಕ್ಕೆ ಕಾಣುವುದೇ ಇಲ್ಲ.

ಒತ್ತಡದ ಸೆನ್ಸರ್ ಇರುವ ವಾಚ್ ಇದಕ್ಕಿಂತ ಎಷ್ಟೋ ವಾಸಿ. ಆದರೆ ಅದು ಅಳೆಯುವುದು ಗಾಳಿಯನ್ನು, ಎತ್ತರವನ್ನಲ್ಲ. ಬೆಳಗಾವಿಯ ಎತ್ತರದಲ್ಲಿ ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ ಕಡಿಮೆಯಾದರೆ ವಾಚ್ ಅದನ್ನು ಸುಮಾರು 9 ಮೀಟರ್ ಏರು ಅಂದುಕೊಳ್ಳುತ್ತದೆ. ನಮ್ಮ ಕಡೆ ಗಾಳಿಯ ಒತ್ತಡ ದಿನಾ ಬೆಳಗ್ಗೆ ಹತ್ತರ ಹೊತ್ತಿಗೆ ಜಾಸ್ತಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಡಿಮೆ. ವ್ಯತ್ಯಾಸ ಮೂರು ನಾಲ್ಕು ಹೆಕ್ಟೋಪ್ಯಾಸ್ಕಲ್. ಅಂದರೆ ಬೆಳಗ್ಗೆ ಹತ್ತಕ್ಕೆ ವಾಚನ್ನು ಮೇಜಿನ ಮೇಲಿಟ್ಟು ನಾಲ್ಕಕ್ಕೆ ನೋಡಿ, ಅದು ಸುಮಾರು 30 ಮೀಟರ್ ಮೇಲೆ ಹೋಗಿರಬಹುದು. ಎರಡು ನಿಮಿಷದ ಮೆಟ್ಟಿಲಿಗೆ ಈ ಏರಿಳಿತ ತಟ್ಟುವುದಿಲ್ಲ. ದಿನವಿಡೀ ಗುಡ್ಡದಲ್ಲಿದ್ದರೆ ತಟ್ಟುತ್ತದೆ.

ಮೆಟ್ಟಿಲಲ್ಲಿ ತೊಂದರೆ ಬೇರೆ. ವಾಚ್ ಎತ್ತರವನ್ನು ಕೆಲವು ಸೆಕೆಂಡ್ ಸರಾಸರಿ ಮಾಡಿ ತೋರಿಸುತ್ತದೆ. ನೀವು ಮೇಲೆ ಮುಟ್ಟಿದ ತಕ್ಷಣ ಲಿಫ್ಟ್ ಹತ್ತಿ ಇಳಿದರೆ ಆ ತುದಿ ಅದಕ್ಕೆ ಸಿಗುವುದೇ ಇಲ್ಲ. ಬೆವರು ಸೆನ್ಸರಿನ ತೂತಿಗೆ ಹೋದರೆ ಅದು ಇನ್ನೊಂದು. ಲೆಕ್ಕ ಸರಿ ಇಲ್ಲ ಅಂತ ತಿಳಿಯುವುದು ಸುಲಭ. ಒಂದೇ ಮೆಟ್ಟಿಲಿಗೆ ಒಮ್ಮೆ 33, ಒಮ್ಮೆ 38 ಬಂತಲ್ಲ, ಅದೇ ಗುರುತು. ಎತ್ತರ ಟೇಪ್‌ನಿಂದ ತೆಗೆದುಕೊಳ್ಳಿ. ವಾಚ್‌ನಿಂದ ಸಮಯ ಮಾತ್ರ ಸಾಕು.

ಟಿಳಕವಾಡಿ ಓಟ

ಅಳೆದೆ. ಸೂಪರ್‌ವೈಸರ್ ಸರ್, ನಮ್ಮಲ್ಲಿ ನೆಲಮಹಡಿಯೂ ಮೇಲಿನಷ್ಟೇ ಎತ್ತರ ಇದೆ. ಒಂದು ಮಹಡಿಗೆ 20 ಮೆಟ್ಟಿಲು, 3.2 ಮೀಟರ್. 11 ಮಹಡಿಗೆ 220 ಮೆಟ್ಟಿಲು, 35.2 ಮೀಟರ್. ಸಮಯ 105 ಸೆಕೆಂಡ್. ಅಂದರೆ ಗಂಟೆಗೆ 1207 ಮೀಟರ್. ಸರಾಸರಿಯಲ್ಲಿ ವಾಚ್ ತೀರಾ ದೂರ ಇರಲಿಲ್ಲ. ಮೆಟ್ಟಿಲಿನ ಅಗಲ 28 ಸೆಂಟಿಮೀಟರ್.

ವಿಜಯಪುರ ಸೈಕಲ್

ಮೆಟ್ಟಿಲಿನ ಎತ್ತರ 16ನ್ನು ಅಗಲ 28ರಿಂದ ಭಾಗಿಸಿದರೆ ಏರು 57%. ಸೂತ್ರಕ್ಕೆ ಹಾಕಿದರೆ 1207 ಭಾಗಿಸು 770, ಕಿಲೋಗೆ 1.57 ವ್ಯಾಟ್. ರಸ್ತೆಯಲ್ಲಿ 600 ಭಾಗಿಸು 280, ಕಿಲೋಗೆ 2.14 ವ್ಯಾಟ್. ಅಂದರೆ ನೀವು ಮೆಟ್ಟಿಲಲ್ಲಿ ಸುಲಭವಾಗಿ ಹತ್ತುತ್ತಿದ್ದೀರಿ, ರಸ್ತೆಯಲ್ಲೇ ಜಾಸ್ತಿ ಶ್ರಮ.

ಟಿಳಕವಾಡಿ ಓಟ

ಸುಲಭ? ಮೇಲೆ ಹೋದಾಗ ಮಾತಾಡೋಕೆ ಆಗುವುದಿಲ್ಲ ರೀ.

ಗುಡ್ಡದ ದಾರಿ

ಸೈಕಲ್ ಅಣ್ಣ, ಆ ಸೂತ್ರ ಸೈಕಲ್‌ಗೆ, ಸೈಕಲ್ ಓಡುವಂಥ ಘಾಟ್ ರಸ್ತೆಗೆ ಸರಿ. ಮೆಟ್ಟಿಲಿಗೆ ಹಾಕಿದರೆ ಅದು ಭೌತಶಾಸ್ತ್ರವನ್ನೇ ಮೀರುತ್ತದೆ. ಹೇಗೆ ಅಂತ ನೋಡಿ.

ಒಂದು ಕಿಲೋ ತೂಕವನ್ನು ಗಂಟೆಗೆ 1000 ಮೀಟರ್ ವೇಗದಲ್ಲಿ ಎತ್ತುವುದಕ್ಕೆ, ಬೇರೆ ಯಾವ ನಷ್ಟವೂ ಇಲ್ಲದೆ, 2.73 ವ್ಯಾಟ್ ಬೇಕೇ ಬೇಕು. 9.81ನ್ನು 1000ದಿಂದ ಗುಣಿಸಿ 3600ರಿಂದ ಭಾಗಿಸಿದ್ದು. ಇದಕ್ಕಿಂತ ಕಡಿಮೆಯಲ್ಲಿ ಯಾರೂ ಎತ್ತಲಾರರು. 1207 ಮೀಟರಿಗೆ ಅದು 3.29 ವ್ಯಾಟ್. ಸೂತ್ರ ಕೊಟ್ಟಿದ್ದು 1.57. ಬರೀ ಮೈ ಎತ್ತುವ ಕೆಲಸಕ್ಕೆ ಬೇಕಾದದ್ದರ ಅರ್ಧವೂ ಇಲ್ಲ.

ಸೂತ್ರದಲ್ಲಿ ಏರು ಜಾಸ್ತಿಯಾದಂತೆ ಕೆಳಗಿನ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ. ಏರು ಸುಮಾರು 17% ಮುಟ್ಟಿದಾಗ ಉತ್ತರ ಸರಿಯಾಗಿ ಬರೀ ಎತ್ತುವ ಕೆಲಸಕ್ಕೆ ಸಮ. ಅದರಾಚೆ ಸೂತ್ರ ಹೇಳುವುದು ಆಗದ ಮಾತು. ಕಡಿಮೆ ಏರಿನಲ್ಲಿ ಮಾತ್ರ ಅದು ಎತ್ತುವ ಕೆಲಸದ ಮೇಲೆ ಗಾಳಿ, ಟೈರು, ಸೈಕಲ್ ತೂಕಕ್ಕೆ ಅಂತ ಸ್ವಲ್ಪ ಸೇರಿಸುತ್ತದೆ. ಓಡುವವರಿಗೆ ಆ ನಷ್ಟಗಳೇ ಬೇರೆ. ರಸ್ತೆಯಲ್ಲಿ ಓಡುವಾಗ ಪ್ರತಿ ಹೆಜ್ಜೆಗೂ ಮೈ ಕುಪ್ಪಳಿಸುತ್ತದೆ, ಆ ಖರ್ಚು ಯಾವ ವಿಎಎಂನಲ್ಲೂ ಕಾಣುವುದಿಲ್ಲ.

ವಿಜಯಪುರ ಸೈಕಲ್

17% ಮಾತು ನಾನೇ ಲೆಕ್ಕ ಹಾಕಿ ನೋಡಿದೆ, ಹೌದು. ಆದರೂ ಒಂದು ಮಾತು ಉಳಿಯುತ್ತದೆ. ಕಿಲೋಗೆ ವ್ಯಾಟ್ ಅಂತ ನೋಡಿದರೆ ತೂಕ ಲೆಕ್ಕದಿಂದ ಹೊರಗೆ ಹೋಗುತ್ತದಲ್ಲ? 55 ಕಿಲೋದವರೂ 85 ಕಿಲೋದವರೂ ಒಂದೇ ಸಂಖ್ಯೆಯಲ್ಲಿ ಹೋಲಿಸಬಹುದು. ಅದಕ್ಕೇ ಈ ಅಳತೆ ನನಗೆ ಇಷ್ಟ.

ಗುಡ್ಡದ ದಾರಿ

ಹೌದು, ಮೈ ತೂಕ ಹೊರಗೆ ಹೋಗುತ್ತದೆ. ಬ್ಯಾಗಿನ ತೂಕ ಹೋಗುವುದಿಲ್ಲ. 70 ಕಿಲೋದವರು 7 ಕಿಲೋ ಬ್ಯಾಗ್ ಹೊತ್ತರೆ ಅದೇ ಶ್ರಮಕ್ಕೆ 1000 ಇದ್ದದ್ದು ಸುಮಾರು 910ಕ್ಕೆ ಇಳಿಯುತ್ತದೆ. ಕುಮಾರ ಪರ್ವತಕ್ಕೆ ನೀರು ಹೊರುವವರಿಗೆ ಇದು ಮುಖ್ಯ.

ಅನಗೋಳದ ಅಕ್ಕ

ನಾನು ಇಷ್ಟು ಹೊತ್ತು ಓದುತ್ತಿದ್ದೆ. ಯಾರೂ ಲಿಫ್ಟ್‌ನ ಸಮಯ ಲೆಕ್ಕಕ್ಕೆ ಹಿಡಿಯಲಿಲ್ಲ. ತಮ್ಮ 1 ನಿಮಿಷ 45 ಸೆಕೆಂಡ್ ಹತ್ತುತ್ತಾನೆ, ಆಮೇಲೆ ಲಿಫ್ಟ್‌ನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾನೆ. ಲಿಫ್ಟ್‌ಗೆ ಒಂದು ನಿಮಿಷ ಹಿಡಿಯಿರಿ. ಹತ್ತು ಏರು, ನಡುವೆ ಒಂಬತ್ತು ಲಿಫ್ಟ್. ಒಟ್ಟು 26 ನಿಮಿಷ 30 ಸೆಕೆಂಡ್‌ನಲ್ಲಿ 352 ಮೀಟರ್. ಅಂದರೆ ಗಂಟೆಗೆ ಸುಮಾರು 797. ಗುಡ್ಡದಲ್ಲಿ ಲಿಫ್ಟ್ ಎಲ್ಲಿದೆ? ನನ್ನ ಪ್ರಕಾರ ಇದೇ ನಿಜವಾದ ಸಂಖ್ಯೆ.

ಟಿಳಕವಾಡಿ ಓಟ

ಅಕ್ಕಾ, ಆದರೆ ಲಿಫ್ಟ್‌ನಲ್ಲಿ ನಾನು ಹತ್ತುತ್ತಿಲ್ಲವಲ್ಲ. ಇಳಿಯುವ ಸಮಯವನ್ನೂ ಸೇರಿಸಿದರೆ ಅದು ಹತ್ತುವ ವೇಗ ಹೇಗಾಗುತ್ತದೆ?

ಗುಡ್ಡದ ದಾರಿ

ಅಕ್ಕ ಕೈ ಇಟ್ಟಿದ್ದು ಸರಿಯಾದ ಜಾಗದಲ್ಲಿ. ಆದರೆ 797 ಕೂಡ ಉತ್ತರ ಅಲ್ಲ ಅನ್ನಿಸುತ್ತದೆ. 1207 ಅನ್ನುವುದು ಎರಡು ನಿಮಿಷದೊಳಗಿನ ಶ್ರಮ, ಅದನ್ನು ಗಂಟೆಗೆ ಅಂತ ಬರೆದಿದ್ದೇವೆ ಅಷ್ಟೇ. ಲಿಫ್ಟ್‌ನಲ್ಲಿ ಉಸಿರು ವಾಪಸ್ ಬರುತ್ತದೆ, ಹಾಗಾಗಿ ಪ್ರತಿ ಸುತ್ತೂ ಹೊಸದಾಗಿ ಶುರು. ಬಿಡದೆ ಹತ್ತಿದರೆ 1207 ನಿಲ್ಲುವುದಿಲ್ಲ. ಆದರೆ 797ಕ್ಕಿಂತ ಜಾಸ್ತಿ ಬರಬಹುದು, ಯಾಕೆಂದರೆ ಈಗ ಲಿಫ್ಟ್‌ನಲ್ಲಿ ನಿಲ್ಲುವ ಒಂದು ನಿಮಿಷದಲ್ಲೂ ಆಗ ನೀವು ನಿಧಾನವಾಗಿ ಏರುತ್ತಿರುತ್ತೀರಿ.

ದೊಡ್ಡವರ ಸಂಖ್ಯೆ ನೋಡಿದರೆ ಇದು ಅರ್ಥವಾಗುತ್ತದೆ. ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಕಟ್ಟಡದ ಮೆಟ್ಟಿಲು ಓಟದಲ್ಲಿ 86 ಮಹಡಿ, 1576 ಮೆಟ್ಟಿಲು, ಸುಮಾರು 320 ಮೀಟರ್. 2003ರಲ್ಲಿ ಆಸ್ಟ್ರೇಲಿಯಾದ ಪಾಲ್ ಕ್ರೇಕ್ ಅದನ್ನು 9 ನಿಮಿಷ 33 ಸೆಕೆಂಡ್‌ನಲ್ಲಿ ಹತ್ತಿದರು. ಗಂಟೆಗೆ ಸುಮಾರು 2010 ಮೀಟರ್. ಸ್ವಿಟ್ಜರ್ಲೆಂಡ್‌ನ ಫುಲ್ಲಿಯಲ್ಲಿ 1000 ಮೀಟರ್ ಏರುವ ಓಟ ಇದೆ. ದಾರಿಯ ಉದ್ದ ಬರೀ 1.92 ಕಿಲೋಮೀಟರ್, ಅಷ್ಟು ಕಡಿದು. 2017ರಲ್ಲಿ ಇಟಲಿಯ ಫಿಲಿಪ್ ಗೋಟ್ಶ್ ಅದನ್ನು 28 ನಿಮಿಷ 53 ಸೆಕೆಂಡ್‌ನಲ್ಲಿ ಮುಗಿಸಿದರು. ಗಂಟೆಗೆ ಸುಮಾರು 2077.

ಮೂರು ಪಟ್ಟು ಹೊತ್ತು ಹತ್ತಿದವರದ್ದೇ ವೇಗ ಜಾಸ್ತಿ. ಕಟ್ಟಡದಲ್ಲಿ ಪ್ರತಿ ಮಹಡಿಗೂ ಲ್ಯಾಂಡಿಂಗ್ ಸಿಗುತ್ತದೆ, ತಿರುಗಬೇಕು. ಅಲ್ಲಿ ಸಮಯ ಓಡುತ್ತದೆ, ಎತ್ತರ ಏರುವುದಿಲ್ಲ. ಹೆಜ್ಜೆಯ ಎತ್ತರ ಕಟ್ಟಿದವರು ಇಟ್ಟಷ್ಟೇ. ಫುಲ್ಲಿಯಲ್ಲಿ ದಾರಿ ನೇರ, ಕೋಲು ಹಿಡಿಯಬಹುದು, ಕೈಗಳೂ ಕೆಲಸ ಮಾಡುತ್ತವೆ.

ಬಾದಾಮಿ ಹುಡುಗಿ

ಹಾಗಾದರೆ ರೇಲಿಂಗ್ ಹಿಡಿದು ಎಳೆದುಕೊಳ್ಳುವುದು? ನಾನು ಹಾಗೇ ಹತ್ತುವುದು. ಎರಡೆರಡು ಮೆಟ್ಟಿಲು, ಒಳಗಿನ ಕೈಯಲ್ಲಿ ರೇಲಿಂಗ್.

ವಿಜಯಪುರ ಸೈಕಲ್

ಅದು ಮೋಸ. ಕಾಲಿನ ವೇಗ ಅಲ್ಲ ಅದು.

ಗುಡ್ಡದ ದಾರಿ

ಮೋಸ ಅನ್ನಲಾರೆ. ಮೆಟ್ಟಿಲು ಓಟಗಾರರು ಬಹಳ ಜನ ರೇಲಿಂಗ್ ಹಿಡಿಯುತ್ತಾರೆ, ಎರಡೆರಡು ಮೆಟ್ಟಿಲು ದಾಟುತ್ತಾರೆ. ಏರಿದ ಎತ್ತರ ನಿಜವೇ. ಆದರೆ ಆ ಸಂಖ್ಯೆಯನ್ನು ರೇಲಿಂಗ್ ಇಲ್ಲದ ಗುಡ್ಡಕ್ಕೆ ಒಯ್ಯಬೇಕಾದರೆ ಕೈ ಬಿಟ್ಟು ಅಳೆಯಿರಿ.

ಓಡಬೇಕೋ ನಡೆಯಬೇಕೋ ಅನ್ನುವುದಕ್ಕೂ ಒಂದು ಮಾತು. 2016ರಲ್ಲಿ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ಬಹಳ ಕಡಿದಾದ ಟ್ರೆಡ್‌ಮಿಲ್ ಕಟ್ಟಿ ಇದನ್ನೇ ಅಳೆದಿದ್ದರು. ಏರುವ ವೇಗವನ್ನು ಗಂಟೆಗೆ 1260 ಮೀಟರಿಗೆ ಹಿಡಿದಿಟ್ಟು ಇಳಿಜಾರು ಮಾತ್ರ ಬದಲಿಸಿದರು. ಸುಮಾರು 16 ಡಿಗ್ರಿಗಿಂತ ಕಡಿದಾದಾಗ ಅದೇ ಏರುವ ವೇಗಕ್ಕೆ ಓಡುವುದಕ್ಕಿಂತ ನಡೆಯುವುದರಲ್ಲಿ ಶಕ್ತಿ ಉಳಿಯಿತು. 20ರಿಂದ 35 ಡಿಗ್ರಿ ನಡುವೆ ಖರ್ಚು ಎಲ್ಲಕ್ಕಿಂತ ಕಡಿಮೆ. ನಿಮ್ಮ ಮೆಟ್ಟಿಲು ಸುಮಾರು 30 ಡಿಗ್ರಿ. ಅಂದರೆ ಏರುವುದಕ್ಕೇ ಹೇಳಿ ಮಾಡಿಸಿದ ಇಳಿಜಾರು. ಅಲ್ಲಿ ಬಂದ ಸಂಖ್ಯೆ ಬೇರೆ ಕಡೆ ಬರದಿರುವುದು ಇದರಿಂದಲೂ ಹೌದು.

ವಿಜಯಪುರ ಸೈಕಲ್

ವಿಜಯಪುರದಲ್ಲಿ ಗುಡ್ಡ ಎಲ್ಲಿ ತರೋಣ? ಎತ್ತರದ ಕಟ್ಟಡವೂ ಕಡಿಮೆ. ಗೋಲ ಗುಮ್ಮಟದ ಮೂಲೆ ಗೋಪುರದ ಮೆಟ್ಟಿಲು ಬೆಳಗ್ಗೆ ಬೇಗ ಹತ್ತಬಹುದಾ ಅಂತ ಯೋಚನೆ ಇದೆ. ಏಳು ಅಂತಸ್ತು.

ಸೈಟ್ ಸೂಪರ್‌ವೈಸರ್

ದಯವಿಟ್ಟು ಬೇಡ. ಅದು ಸಂರಕ್ಷಿತ ಸ್ಮಾರಕ. ಮೆಟ್ಟಿಲು ಇಕ್ಕಟ್ಟು, ಎದುರಿಗೆ ಮಕ್ಕಳು, ವಯಸ್ಸಾದವರು ಇಳಿಯುತ್ತಿರುತ್ತಾರೆ. ಪಾವಟಿಗೆಗಳ ಎತ್ತರವೂ ಒಂದೇ ಸಮ ಇಲ್ಲ. ಓಡುವಾಗ ಕಾಲು ಹಿಂದಿನ ಮೆಟ್ಟಿಲಿನ ಎತ್ತರವನ್ನೇ ನಂಬಿ ಏಳುತ್ತದೆ, ಎರಡು ಸೆಂಟಿಮೀಟರ್ ವ್ಯತ್ಯಾಸ ಇದ್ದರೂ ಎಡವುತ್ತದೆ. ಅಳತೆಗೂ ಅದು ಆಗದು. ಐದಾರು ಅಂತಸ್ತಿನ ಯಾವುದಾದರೂ ಕಟ್ಟಡದವರ ಅನುಮತಿ ಕೇಳಿ.

ವಿಜಯಪುರ ಸೈಕಲ್

ಸರಿ. ಉಪ್ಪಲಿ ಬುರುಜು ಹೇಗೂ 24 ಮೀಟರ್ ಅಷ್ಟೇ, ಅದೂ ಬೇಡ. ಪರಿಚಯದವರ ಕಾಲೇಜು ಕಟ್ಟಡ ಕೇಳುತ್ತೇನೆ.

ಟಿಳಕವಾಡಿ ಓಟ

ಹಾಗಾದರೆ ಕುಮಾರ ಪರ್ವತಕ್ಕೆ ನಾನು ಯಾವ ಸಂಖ್ಯೆ ಹಿಡಿಯಲಿ?

ಗುಡ್ಡದ ದಾರಿ

ಮೊದಲು ಆ ದಾರಿಯ ಏರು ನೋಡಿ. ಕುಕ್ಕೆ ಸುಮಾರು 120 ಮೀಟರ್ ಎತ್ತರದಲ್ಲಿದೆ, ಶಿಖರ 1712. ದಾರಿ ಒಂದು ಕಡೆಗೆ ಸುಮಾರು 13 ಕಿಲೋಮೀಟರ್ ಹಿಡಿಯೋಣ. ಸರಾಸರಿ 12%. ಈ ಏರಿನಲ್ಲಿ 1207 ಹಿಡಿಯಬೇಕಾದರೆ ಕಲ್ಲು, ಬೇರು ತುಂಬಿದ ದಾರಿಯಲ್ಲಿ ಗಂಟೆಗೆ ಸುಮಾರು 10 ಕಿಲೋಮೀಟರ್ ಓಡಬೇಕು. ರಸ್ತೆಯಲ್ಲೇ ನಿಮ್ಮದು 7.5. ಹಾಗಾಗಿ 1 ಗಂಟೆ 20 ನಿಮಿಷ ಬಿಟ್ಟುಬಿಡಿ.

ಹಳೆಯ ಒಂದು ನಿಯಮ ಇದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ನಡೆಯುವವರಿಗೆ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. 2000 ಅಡಿ ಅಂದರೆ 610 ಮೀಟರ್. ಕುಮಾರ ಪರ್ವತಕ್ಕೆ ಹಾಕಿದರೆ ದೂರಕ್ಕೆ ಸುಮಾರು 2 ಗಂಟೆ 40 ನಿಮಿಷ, ಏರಿಗೆ ಮತ್ತೆ ಅಷ್ಟೇ. ಒಟ್ಟು 5 ಗಂಟೆ 20 ನಿಮಿಷ. ನೀವು ಅದಕ್ಕಿಂತ ವೇಗ. ಆದರೆ ಅವರ ಉಪಾಯ ನಮಗೆ ಬೇಕು. ದೂರಕ್ಕೆ ಬೇರೆ ಸಮಯ, ಏರಿಗೆ ಬೇರೆ ಸಮಯ.

ನೀವು ಹೀಗೆ ಮಾಡಿ. ಊರ ಹತ್ತಿರ ಕಡಿದಾದ ಒಂದು ಕಾಲುದಾರಿ ಹುಡುಕಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು 20 ಮೀಟರ್ ಎತ್ತರಕ್ಕೆ ಒಂದು. ಒಂದು ಗೆರೆಯಿಂದ ಅದರ ಮೇಲಿನ ನಾಲ್ಕನೇ ಗೆರೆಯವರೆಗಿನ ತುಂಡು, ಅಂದರೆ 80 ಮೀಟರ್ ಏರು ಸಾಕು. ಬ್ಯಾಗ್ ಹೊತ್ತು, ಕುಮಾರ ಪರ್ವತದಲ್ಲಿ ಹೋಗುವ ಹಾಗೆಯೇ ಹತ್ತಿ, ನಿಧಾನ ಇಳಿದು, ಮತ್ತೆ ಹತ್ತಿ. ಒಂದು ಗಂಟೆ ದಾಟುವವರೆಗೆ. ಮೊದಲ ಮತ್ತು ಕೊನೆಯ ಏರಿನ ಸಮಯ ಇಲ್ಲಿ ಹಾಕಿ.

ಟಿಳಕವಾಡಿ ಓಟ

ಮಾಡಿ ಬಂದೆ. ದಾರಿ 420 ಮೀಟರ್ ಉದ್ದ, 80 ಮೀಟರ್ ಏರು. ಮೊದಲ ಏರು 6 ನಿಮಿಷ 40 ಸೆಕೆಂಡ್. ಕೊನೆಯದು ಸರಿಯಾಗಿ 8 ನಿಮಿಷ. ಗಂಟೆಗೆ 720ರಿಂದ 600ಕ್ಕೆ ಇಳಿದಿದೆ. ಕಾಲುದಾರಿ ಸಮ ಇದ್ದ ಕಡೆ ನಾನು ಗಂಟೆಗೆ 8 ಕಿಲೋಮೀಟರ್ ಆರಾಮಾಗಿ ಓಡುತ್ತೇನೆ.

ಗುಡ್ಡದ ದಾರಿ

ಚೆನ್ನಾಗಿದೆ, ಲೆಕ್ಕ ಮಾಡೋಣ. 8 ಕಿಲೋಮೀಟರ್ ವೇಗದಲ್ಲಿ 420 ಮೀಟರ್ ಸಮ ದಾರಿಗೆ 189 ಸೆಕೆಂಡ್ ಬೇಕು. ಮೊದಲ ಏರಿನ 400 ಸೆಕೆಂಡ್‌ನಲ್ಲಿ ಅದನ್ನು ಕಳೆದರೆ ಉಳಿದ 211 ಸೆಕೆಂಡ್ ಬರೀ ಏರಿಗೆ ಹೋದದ್ದು. 80 ಮೀಟರಿಗೆ 211 ಸೆಕೆಂಡ್ ಅಂದರೆ ಗಂಟೆಗೆ ಸುಮಾರು 1365. ಇದು ಮೆಟ್ಟಿಲಿನ ಸಂಖ್ಯೆಯ ಹತ್ತಿರ ಬಂತು ನೋಡಿ. ದೂರದ ಖರ್ಚು ತೆಗೆದಾಗ ಎರಡೂ ಕಡೆ ಹತ್ತಿದ್ದು ಅದೇ ಕಾಲು ಅಂತ ಕಾಣುತ್ತದೆ.

ಕುಮಾರ ಪರ್ವತಕ್ಕೆ 13 ಕಿಲೋಮೀಟರ್ ದೂರಕ್ಕೆ 1 ಗಂಟೆ 37 ನಿಮಿಷ, 1600 ಮೀಟರಿಗೆ 1 ಗಂಟೆ 10 ನಿಮಿಷ. ಒಟ್ಟು 2 ಗಂಟೆ 48 ನಿಮಿಷ. ಇದು ಕಾಲು ಹೊಸದಾಗಿರುವಾಗಿನ ಲೆಕ್ಕ. ಕೊನೆಯ ಏರಿನ 480 ಸೆಕೆಂಡ್ ಹಿಡಿದರೆ ಬರೀ ಏರಿನ ವೇಗ ಗಂಟೆಗೆ 990ಕ್ಕೆ ಬರುತ್ತದೆ, ಒಟ್ಟು 3 ಗಂಟೆ 15 ನಿಮಿಷ. ನಾನು ಎರಡನೆಯದನ್ನೇ ಹಿಡಿಯುವೆ.

ಸಮ ದಾರಿಯ 8 ಅನ್ನುವುದು ಅಂದಾಜು ಅಂತ ಚಿಂತೆ ಬೇಡ. ಅದನ್ನು 7 ಮಾಡಿ ಮೊದಲ ಲೆಕ್ಕ ಮತ್ತೆ ಹಾಕಿದರೆ 2 ಗಂಟೆ 53 ನಿಮಿಷ ಬರುತ್ತದೆ, ಐದೇ ನಿಮಿಷ ಜಾಸ್ತಿ. ನೀವು ಅಳೆದ ದಾರಿಯ ಏರು 19%, ಹೋಗುವ ದಾರಿಯದ್ದು 12%. ಎರಡೂ ಹತ್ತಿರ ಇರುವುದರಿಂದ ತಪ್ಪು ದೊಡ್ಡದಾಗುವುದಿಲ್ಲ. 57% ಮೆಟ್ಟಿಲಿನಿಂದ ನೇರ 12%ಗೆ ಹಾರಿದರೆ ತಪ್ಪು ದೊಡ್ಡದಾಗುತ್ತದೆ.

ಅನಗೋಳದ ಅಕ್ಕ

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅಲ್ಲಿ ನಡುವೆ ಇಳಿದು ಸುಧಾರಿಸಿಕೊಂಡಿದ್ದಾನಲ್ಲ. ಕುಮಾರ ಪರ್ವತದಲ್ಲಿ ಭಟ್ಟರ ಮನೆ ದಾಟಿದ ಮೇಲೆ ಬಯಲು ಹುಲ್ಲುಗಾವಲು, ನೆತ್ತಿ ಮೇಲೆ ಬಿಸಿಲು. ನಾನು ಹೋದಾಗ ಕಾಡಿನೊಳಗೆ ಚೆನ್ನಾಗಿ ಏರಿದವರೆಲ್ಲ ಅಲ್ಲಿ ನಿಧಾನವಾದರು. 3 ಗಂಟೆ 45 ನಿಮಿಷಕ್ಕಿಂತ ಕಡಿಮೆ ಇಟ್ಟುಕೊಂಡು ನೀರು ಹೊರಬೇಡ ತಮ್ಮಾ.

ಗುಡ್ಡದ ದಾರಿ

ಇಳಿಯುವುದು ಉಸಿರಿಗೆ ವಿಶ್ರಾಂತಿ, ತೊಡೆಗೆ ಅಲ್ಲ. ಪದೇ ಪದೇ ಇಳಿದ ತೊಡೆ ಇನ್ನೂ ಬೇಗ ಸೋಲುತ್ತದೆ. ಹಾಗಾಗಿ ಕೊನೆಯ ಏರಿನ ಸಂಖ್ಯೆ ಕಡಿಮೆಯೇ ಇರಬಹುದು. ಬಿಸಿಲಿನ ಮಾತು ಮಾತ್ರ ಒಪ್ಪುತ್ತೇನೆ, ಅದಕ್ಕೆ ಈ ಲೆಕ್ಕದಲ್ಲಿ ಜಾಗ ಇಲ್ಲ.

ಅನಗೋಳದ ಅಕ್ಕ

ನಾನು 3:45ರಲ್ಲೇ ಇದ್ದೇನೆ.

ನಿವೃತ್ತ ಮಾಸ್ತರ

ಇಳಿಯುವುದಕ್ಕೆ ಎಷ್ಟು ಹೊತ್ತು ಅಂತ ಯಾರೂ ಹೇಳಲಿಲ್ಲ. ಗಂಟೆಗೆ ಎಷ್ಟು ಮೀಟರ್ ಇಳಿಯಬಹುದು ಅನ್ನುವುದಕ್ಕೂ ಲೆಕ್ಕ ಇದೆಯಾ?

ಗುಡ್ಡದ ದಾರಿ

ಮಾಸ್ತರ್, ಹತ್ತುವ ಸಂಖ್ಯೆಯಿಂದ ಇಳಿಯುವುದನ್ನು ಹೇಳಲು ಬರುವುದಿಲ್ಲ. ಅದು ನೆಲದ ಮೇಲೆ, ಮಂಡಿಯ ಮೇಲೆ, ಧೈರ್ಯದ ಮೇಲೆ ಹೋಗುತ್ತದೆ. ಬೇರೆಯೇ ಅಳೆಯಬೇಕು.

ಟಿಳಕವಾಡಿ ತಮ್ಮಾ, ಹೋದಾಗ ಭಟ್ಟರ ಮನೆ, ಕಲ್ಲು ಮಂಟಪ, ಶೇಷಪರ್ವತ, ಶಿಖರ ಈ ನಾಲ್ಕು ಕಡೆ ಸಮಯ ಬರೆದುಕೊಳ್ಳಿ. ಶೇಷಪರ್ವತದ ಆಚೆ ದಾರಿ ಸ್ವಲ್ಪ ಇಳಿದು ಮತ್ತೆ ಏರುತ್ತದೆ, ಹಾಗಾಗಿ ಒಟ್ಟು ಏರು 1600ಕ್ಕಿಂತ ತುಸು ಜಾಸ್ತಿಯೇ. ತುಂಡು ತುಂಡಾಗಿ ಸಮಯ ಇದ್ದರೆ ನಿಧಾನವಾಗಿದ್ದು ಕಾಲು ಸೋತಿದ್ದಕ್ಕೋ, ಬಿಸಿಲಿಗೋ ಅಂತ ಬೇರೆ ಮಾಡಿ ನೋಡಬಹುದು.

ಟಿಳಕವಾಡಿ ಓಟ

ಆಗಲಿ ಅಣ್ಣ. ನೀರು ಅಕ್ಕನ ಲೆಕ್ಕದಲ್ಲಿ ಹೊರುತ್ತೇನೆ, ಗಡಿಯಾರ ನಿಮ್ಮ ಲೆಕ್ಕಕ್ಕೆ ಇಡುತ್ತೇನೆ. ಅಲ್ಲಿಯವರೆಗೆ ಮೆಟ್ಟಿಲಲ್ಲಿ ಲಿಫ್ಟ್ ಬಿಟ್ಟು ನಡೆದು ಇಳಿಯುತ್ತೇನೆ. ನಾಲ್ಕು ಕಡೆಯ ಸಮಯ ಬಂದ ಮೇಲೆ ಇಲ್ಲೇ ಹಾಕುವೆ.

ಬಾದಾಮಿ ಹುಡುಗಿ

ನಂಗೂ ಒಂದು ಸಹಾಯ ಬೇಕು. ನಮ್ಮ ಕಡೆ 80 ಮೀಟರ್ ಒಂದೇ ಸಮ ಏರುವ ಕಾಲುದಾರಿ ಸಿಗುತ್ತಿಲ್ಲ, ಎಲ್ಲಾ ಕಡೆ ನಡುವೆ ಬಂಡೆ ಹತ್ತಬೇಕು. 40 ಮೀಟರಿನ ತುಂಡು ಹಿಡಿದು ಸುತ್ತು ಎರಡು ಪಟ್ಟು ಮಾಡಿದರೆ ನಡೆಯುತ್ತದಾ?